ಅರ್ಧ ಗೋಡೆಗೆ, ಅರ್ಧ ಕೀಪರ್‌ಗೆ

2023ರ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದದ್ದು ಫುಟ್‌ಬಾಲ್ ನೋಡುವವರಿಗೆಲ್ಲ ನೆನಪಿದೆ. ಇಂಡಿಯನ್ ಸೂಪರ್ ಲೀಗ್‌ನ ಪ್ಲೇಆಫ್ ಪಂದ್ಯ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ತೊಂಬತ್ತು ನಿಮಿಷ ಆಡಿದರೂ ಯಾರಿಗೂ ಗೋಲು ಸಿಕ್ಕಿರಲಿಲ್ಲ. ಹೆಚ್ಚುವರಿ ಅವಧಿ ಶುರುವಾಗಿ ಕೆಲವೇ ನಿಮಿಷಗಳಲ್ಲಿ ಪೆನಾಲ್ಟಿ ಆವರಣದ ಹೊರಗೆ ಬೆಂಗಳೂರಿಗೆ ಒಂದು ಫ್ರೀ ಕಿಕ್ ದೊರೆಯಿತು. ಕೇರಳದ ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ತಮ್ಮವರನ್ನು ಸಾಲಾಗಿ ನಿಲ್ಲಿಸುವುದರಲ್ಲಿ ಮಗ್ನರಾಗಿದ್ದರು. ಅಷ್ಟರಲ್ಲಿ ಸುನಿಲ್ ಛೆಟ್ರಿ ಶಿಳ್ಳೆಗೂ ಕಾಯದೆ ಚೆಂಡನ್ನು ಮೆಲ್ಲಗೆ ಎತ್ತಿ ಗೋಲಿನೊಳಗೆ ಹಾಕಿಬಿಟ್ಟರು. ರೆಫರಿ ಗೋಲು ಎಂದರು. ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ತಮ್ಮ ತಂಡವನ್ನು ಮೈದಾನದಿಂದ ಹೊರಗೆ ಕರೆದುಕೊಂಡರು. ಪಂದ್ಯ ಅಲ್ಲಿಗೇ ನಿಂತಿತು, ಬೆಂಗಳೂರು ಸೆಮಿಫೈನಲ್‌ಗೆ ಹೋಯಿತು. ಆಮೇಲೆ ರಾಷ್ಟ್ರೀಯ ಫೆಡರೇಶನ್ ಕೇರಳ ಕ್ಲಬ್ಬಿಗೆ ನಾಲ್ಕು ಕೋಟಿ ರೂಪಾಯಿ ದಂಡವನ್ನೂ ವಿಧಿಸಿತು.

ಜಗಳವೆಲ್ಲ ಶಿಳ್ಳೆಯ ಸುತ್ತಲೇ ನಡೆಯಿತು. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ಪ್ರಶ್ನೆ. ತನ್ನ ಗೋಲಿನ ಬಾಯಿ ಕಾಯಬೇಕಾದ ಮನುಷ್ಯ ಆ ಗಳಿಗೆಯಲ್ಲಿ ಅದನ್ನು ತೆರೆದಿಟ್ಟು ಬೇರೆ ಕೆಲಸದಲ್ಲಿ ತೊಡಗಿದ್ದೇಕೆ? ಅದು ಗಿಲ್ ಒಬ್ಬರ ಅಜಾಗರೂಕತೆಯಲ್ಲ. ಗೋಡೆ ಕಟ್ಟುವಾಗ ಜಗತ್ತಿನ ಪ್ರತಿಯೊಬ್ಬ ಕೀಪರ್ ಕೆಲವು ಸೆಕೆಂಡುಗಳ ಮಟ್ಟಿಗಾದರೂ ಹೀಗೆ ಮೈಮರೆಯಲೇಬೇಕಾಗುತ್ತದೆ. ಗೋಡೆ ಎಲ್ಲಿ ನಿಲ್ಲಬೇಕು ಎಂದು ಹೇಳಬೇಕಾದವನು ಅವನೇ.

ಮೊದಲು ನೆರಳಿನ ವಿಷಯ. ರಾತ್ರಿ ಕರೆಂಟು ಹೋದಾಗ ಮೇಣದಬತ್ತಿಯ ಮುಂದೆ ಕೈ ಹಿಡಿದು ಗೋಡೆಯ ಮೇಲೆ ಜಿಂಕೆ, ನಾಯಿ ಮಾಡಿ ಆಡಿದ್ದು ಎಲ್ಲರಿಗೂ ಗೊತ್ತು. ಅಂಗೈ ಚಿಕ್ಕದು, ನೆರಳು ದೊಡ್ಡದು. ಫ್ರೀ ಕಿಕ್‌ನಲ್ಲಿ ಚೆಂಡನ್ನೇ ದೀಪ ಎಂದುಕೊಳ್ಳಿ, ಡಿಫೆಂಡರ್‌ಗಳ ಸಾಲು ಅಂಗೈ, ಗೋಲಿನ ಬಾಯಿ ಹಿಂದಿನ ಗೋಡೆ. ನಿಯಮದ ಪ್ರಕಾರ ಎದುರಾಳಿಗಳು ಚೆಂಡಿನಿಂದ 9.15 ಮೀಟರ್, ಅಂದರೆ ಹತ್ತು ಗಜ ದೂರ ಇರಬೇಕು. ಗೋಲಿನ ಅಗಲ 7.32 ಮೀಟರ್, ಎತ್ತರ 2.44. ಚೆಂಡು ಗೋಲಿನಿಂದ 20 ಮೀಟರ್ ದೂರದಲ್ಲಿದ್ದರೆ ಗೋಡೆ ಹೆಚ್ಚುಕಡಿಮೆ ನಡುದಾರಿಯಲ್ಲಿ ನಿಲ್ಲುತ್ತದೆ. ಹಾಗಾಗಿ ಅದರ ನೆರಳು ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಅಗಲವಾಗಿ ಗೋಲಿನ ಮೇಲೆ ಬೀಳುತ್ತದೆ. ಹೆಗಲಿಗೆ ಹೆಗಲು ಕೊಟ್ಟು ನಿಂತ ಒಬ್ಬ ಆಟಗಾರ ಸುಮಾರು ಅರ್ಧ ಮೀಟರ್ ಜಾಗ ತುಂಬುತ್ತಾನೆ ಎಂದು ಹಿಡಿದರೆ, ಅವನ ನೆರಳು ಗೋಲಿನಲ್ಲಿ ಒಂದು ಮೀಟರಿಗೂ ಮಿಕ್ಕಿ ಮುಚ್ಚುತ್ತದೆ.

ಹಾಗಾದರೆ ಏಳು ಜನರನ್ನು ನಿಲ್ಲಿಸಿ ಇಡೀ ಗೋಲನ್ನೇ ಮುಚ್ಚಿಬಿಡಬಹುದಲ್ಲ? ಲೆಕ್ಕದಲ್ಲಿ ಮುಚ್ಚಬಹುದು. ಆದರೆ ಆಗ ಕೀಪರ್‌ಗೆ ಚೆಂಡೇ ಕಾಣುವುದಿಲ್ಲ, ಬಾಕಿ ಎದುರಾಳಿಗಳನ್ನು ಕಾಯಲು ಜನವೂ ಉಳಿಯುವುದಿಲ್ಲ. ಅದಕ್ಕೇ ಗೋಡೆ ಗೋಲಿನ ಅರ್ಧವನ್ನಷ್ಟೇ ವಹಿಸಿಕೊಳ್ಳುತ್ತದೆ. ಚೆಂಡಿಗೆ ಹತ್ತಿರವಿರುವ ಕಂಬದ ಕಡೆಯ ಅರ್ಧ ಗೋಡೆಯದು, ದೂರದ ಕಂಬದ ಕಡೆಯ ಅರ್ಧ ಕೀಪರ್‌ನದು.

ಒಂದು ಕಿಕ್ಕನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ. ಚೆಂಡು ಗೋಲುಗೆರೆಯಿಂದ 20 ಮೀಟರ್ ಮುಂದಿದೆ, ಗೋಲಿನ ಮಧ್ಯದಿಂದ 5 ಮೀಟರ್ ಕೀಪರ್‌ನ ಎಡಕ್ಕಿದೆ. ಹತ್ತಿರದ ಕಂಬ ಅವನ ಎಡಗಡೆಯದು. ಅವನು ಮೊದಲು ಬೆರಳು ಎತ್ತಿ ಲೆಕ್ಕ ಹೇಳುತ್ತಾನೆ: ನಾಲ್ಕು. ಕಿರುಚಿದ್ದು ಕೇಳಿಸದಷ್ಟು ಗದ್ದಲವಿರುವುದರಿಂದ ಬೆರಳೇ ಗತಿ. ಯಾರ್‍ಯಾರು ಆ ನಾಲ್ವರು ಎಂಬುದು ಸಾಮಾನ್ಯವಾಗಿ ಪಂದ್ಯಕ್ಕೆ ಮೊದಲೇ ತೀರ್ಮಾನವಾಗಿರುತ್ತದೆ. ಆಮೇಲೆ ಅವನು ಎಡಗಡೆಯ ಕಂಬದ ಬಳಿ ಓಡಿ, ಕಂಬಕ್ಕೆ ಒಂದು ಕೈ ಕೊಟ್ಟು, ಅಲ್ಲಿಂದ ಚೆಂಡಿನ ಕಡೆ ದಿಟ್ಟಿಸುತ್ತಾನೆ. ಇನ್ನೊಂದು ಕೈ ಬೀಸುತ್ತಾ ಗೋಡೆಯನ್ನು ಅತ್ತ ಇತ್ತ ಸರಿಸುತ್ತಾನೆ. ಗಾರೆ ಕೆಲಸದವರು ಒಂದು ಕಣ್ಣು ಮುಚ್ಚಿ ದಾರ ನೋಡುವ ಹಾಗೆಯೇ ಇದು. ಚೆಂಡಿನಿಂದ ಕಂಬಕ್ಕೆ ಎಳೆದ ಗೆರೆ ಗೋಡೆಯ ಎರಡನೆಯವನ ಹೊರಭುಜವನ್ನು ಸವರಿಕೊಂಡು ಹೋಗಬೇಕು. ಮೊದಲನೆಯವನು ಪೂರ್ತಿಯಾಗಿ ಆ ಗೆರೆಯ ಆಚೆ.

ಹೊಸದಾಗಿ ನೋಡುವವರಿಗೆ ಇದು ವಿಚಿತ್ರವೆನಿಸುತ್ತದೆ. ಗೋಲಿನ ಹೊರಗಿನ ಗಾಳಿಯನ್ನು ಕಾಯಲು ಒಬ್ಬನನ್ನು ಯಾಕೆ ವ್ಯರ್ಥ ಮಾಡಬೇಕು? ಎರಡು ಕಾರಣಗಳಿವೆ. ಒಂದು, ಚೆಂಡು ನೇರ ಗೆರೆಯಲ್ಲಿ ಹೋಗುವುದಿಲ್ಲ. 1997ರ ಜೂನ್ 3ರಂದು ಫ್ರಾನ್ಸಿನ ಲಿಯಾನ್‌ನಲ್ಲಿ ಬ್ರೆಜಿಲ್‌ನ ರಾಬರ್ಟೊ ಕಾರ್ಲೋಸ್ ಸುಮಾರು 35 ಮೀಟರ್ ದೂರದಿಂದ ಹೊಡೆದ ಚೆಂಡು ಗೋಡೆಯ ಹೊರಗಿನಿಂದ ಸುತ್ತಿಕೊಂಡು ಬಂದು, ಕಂಬದ ಒಳಮೈಗೆ ತಾಗಿ ಗೋಲಿಗೆ ಬಿತ್ತು. ಫ್ರಾನ್ಸಿನ ಕೀಪರ್ ಫಾಬಿಯನ್ ಬಾರ್ತೆಜ್ ನಿಂತಲ್ಲೇ ನಿಂತು ನೋಡಿದರು, ಯಾಕೆಂದರೆ ಆ ಚೆಂಡು ಮೊದಲು ಗೋಲಿನಿಂದ ಬಹಳ ಆಚೆ ಹೋಗುತ್ತಿರುವಂತೆ ಕಂಡಿತ್ತು. ಹಾಗೆ ಬಾಗುವ ಹೊಡೆತದ ದಾರಿಗೆ ಅಡ್ಡ ನಿಲ್ಲುವವನೇ ಈ ಹೊರಗಿನ ಆಳು.

ಎರಡನೆಯ ಕಾರಣ ಇನ್ನೂ ಸಣ್ಣದು, ಆದರೆ ದಿನನಿತ್ಯದ್ದು. ಗೋಡೆ ನಿಂತಾದ ಮೇಲೆ ಹೊಡೆಯುವವನು ಚೆಂಡನ್ನು ಸರಿಪಡಿಸುವ ನೆಪದಲ್ಲಿ ಅರ್ಧ ಮೀಟರ್ ಪಕ್ಕಕ್ಕೆ ಜರುಗಿಸಿಬಿಟ್ಟರೆ ದೀಪವೇ ಸರಿದಂತಾಯಿತು. ನೆರಳು ಗೋಲಿನ ಮೇಲೆ ಸುಮಾರು 60 ಸೆಂಟಿಮೀಟರ್ ವಿರುದ್ಧ ದಿಕ್ಕಿಗೆ ಜಾರುತ್ತದೆ. ಅಷ್ಟು ಸಂದಿ ಸಾಕು, ಒಂದು ಚೆಂಡಿಗೆ ಬೇಕಾದ್ದು 22 ಸೆಂಟಿಮೀಟರ್. ವಿಶ್ವಕಪ್‌ಗೆ 2014ರಲ್ಲಿ ಮೊದಲು ಬಂದ, ಕೆಲ ನಿಮಿಷಗಳಲ್ಲಿ ಮಾಯವಾಗುವ ಬಿಳಿ ನೊರೆಯನ್ನು ರೆಫರಿ ಗೋಡೆಯ ಕಾಲಬುಡದಲ್ಲಷ್ಟೇ ಅಲ್ಲ, ಚೆಂಡಿನ ಬಳಿಯೂ ಎಳೆಯುವುದು ಇದೇ ಕಾರಣಕ್ಕೆ. ಗೋಡೆ ಮುಂದೆ ತೆವಳುವುದನ್ನು ಅದು ತಡೆಯಿತು ಎಂದೇ ಎಲ್ಲರೂ ಹೇಳುತ್ತಾರೆ. ಚೆಂಡು ತೆವಳುವುದನ್ನು ತಡೆದದ್ದರ ಬಗ್ಗೆ ಮಾತಿಲ್ಲ.

ನಮ್ಮ ಲೆಕ್ಕಕ್ಕೆ ಮರಳಿದರೆ, ಹೊರಗಿನವನನ್ನು ಬಿಟ್ಟು ಉಳಿದ ಮೂವರ ನೆರಳು ಎಡ ಕಂಬದಿಂದ ಒಳಕ್ಕೆ ಸುಮಾರು 3.3 ಮೀಟರ್ ಮುಚ್ಚುತ್ತದೆ. ಕೀಪರ್‌ಗೆ ಉಳಿದದ್ದು 4 ಮೀಟರ್. ಮನುಷ್ಯ ಮಾತ್ರದವನು ಕಾಯಬಹುದಾದ ಅಗಲ ಅದು. ಗೋಡೆಯ ಪೂರ್ತಿ ಅರ್ಥ ಇಷ್ಟೇ. ಚೆಂಡು ಇನ್ನೂ ಪಕ್ಕಕ್ಕೆ, ಸೈಡ್‌ಲೈನ್ ಕಡೆಗೆ ಹೋದಷ್ಟೂ ಗೋಲು ಓರೆಯಾಗಿ ಕಿರಿದಾಗುವುದರಿಂದ ಇಬ್ಬರು ಸಾಕಾಗುತ್ತದೆ. ಆವರಣದ ಅಂಚಿನಲ್ಲಿ ನಟ್ಟನಡುವೆ ಇದ್ದರೆ ಐದು ಜನ ಬೇಕೆನಿಸುತ್ತದೆ.

ಕಂಬದ ಬಳಿ ಹೋಗಿ ಗೋಡೆ ನೆಟ್ಟಗೆ ಮಾಡಿ ಕೀಪರ್ ತನ್ನ ಜಾಗಕ್ಕೆ ಮರಳಲು ಐದಾರು ಸೆಕೆಂಡಾದರೂ ಬೇಕು. ಛೆಟ್ರಿ ಕದ್ದದ್ದು ಆ ಸೆಕೆಂಡುಗಳನ್ನು. ನಿಯಮ ಹೇಳುವುದು ಹೀಗೆ: ಹೊಡೆಯುವ ತಂಡ ಹತ್ತು ಗಜ ಅಳೆಯಿರಿ ಎಂದು ಕೇಳದಿದ್ದರೆ, ರೆಫರಿ ತಾವಾಗಿ ಅಳೆಯಲು ಅಥವಾ ಕಾರ್ಡು ತೋರಿಸಲು ಆಟ ತಡೆಯದಿದ್ದರೆ, ಶಿಳ್ಳೆ ಬೇಕಿಲ್ಲ. ಗೋಡೆ ಕಟ್ಟಿಕೊಳ್ಳುವುದು ರಕ್ಷಣೆ ಮಾಡುವವರ ಹಕ್ಕಲ್ಲ, ಎದುರಾಳಿ ಬಿಟ್ಟಷ್ಟು ಹೊತ್ತು ಮಾತ್ರ ಸಿಗುವ ಅನುಕೂಲ. ಅದಕ್ಕೇ ಅನುಭವಿ ತಂಡಗಳಲ್ಲಿ ಫೌಲಿನ ಶಿಳ್ಳೆ ಕೇಳಿದ ಕೂಡಲೇ ಯಾರಾದರೊಬ್ಬ ಆಟಗಾರ ಏನೂ ತಿಳಿಯದವನ ಹಾಗೆ ಚೆಂಡಿನ ಎದುರು ಹೋಗಿ ನಿಂತುಬಿಡುತ್ತಾನೆ. ರೆಫರಿ ಹಳದಿ ಕಾರ್ಡು ತೋರಿಸಿದರೂ ಕೆಲವೊಮ್ಮೆ ಅದು ಲಾಭದ ವ್ಯವಹಾರವೇ. ಕೆಲವು ತಂಡಗಳು ಕಂಬದ ಬಳಿ ಹೋಗುವ ಕೆಲಸವನ್ನೇ ತಪ್ಪಿಸಿಕೊಳ್ಳುತ್ತವೆ. ತಮ್ಮ ಫಾರ್ವರ್ಡ್ ಒಬ್ಬ ಚೆಂಡಿನ ಹಿಂದೆ ನಿಂತು, ದೀಪದ ಕಣ್ಣಿನಿಂದಲೇ ನೋಡಿ ಗೋಡೆಯನ್ನು ಸರಿಸುತ್ತಾನೆ. ಕೀಪರ್ ಗೋಲು ಬಿಟ್ಟು ಕದಲುವುದಿಲ್ಲ.

ಇಷ್ಟಾದರೂ ಗೋಡೆಗೆ ಒಂದು ಬೆಲೆ ತೆರಬೇಕಾಗುತ್ತದೆ, ಅದು ಕೀಪರ್‌ನ ಕಣ್ಣು. ಗಂಟೆಗೆ 90 ಕಿಲೋಮೀಟರ್ ವೇಗದ ಚೆಂಡು 20 ಮೀಟರ್ ದಾಟಲು ಸುಮಾರು 0.8 ಸೆಕೆಂಡು ತೆಗೆದುಕೊಳ್ಳುತ್ತದೆ. ಅದರಲ್ಲಿ ಹೆಚ್ಚುಕಡಿಮೆ 0.37 ಸೆಕೆಂಡು ಗೋಡೆಯವರೆಗಿನ ಪಯಣಕ್ಕೇ ಹೋಗುತ್ತದೆ. ಗೋಡೆ ಮರೆಯಾಗಿ ಕೀಪರ್‌ಗೆ ಕಾಲು ಚೆಂಡಿಗೆ ತಾಗಿದ್ದು ಕಾಣದಿದ್ದರೆ, ಚೆಂಡು ತಲೆಗಳ ಮೇಲೆ ಕಾಣಿಸಿಕೊಂಡ ಮೇಲೆ ಅವನಿಗೆ ಸಿಗುವುದು ಅರ್ಧ ಸೆಕೆಂಡಿಗೂ ಕಡಿಮೆ. ಕಂಡದ್ದು ಬುದ್ಧಿಗೆ ತಿಳಿದು ಕಾಲು ಚಿಮ್ಮುವುದಕ್ಕೇ ಅದರಲ್ಲಿ ಅರ್ಧ ಖರ್ಚು. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಕೀಪರ್‌ಗಳಿಗೆ ವರ್ಚುವಲ್ ರಿಯಾಲಿಟಿ ಕನ್ನಡಕ ತೊಡಿಸಿ ಇದನ್ನು ಪರೀಕ್ಷಿಸಿದ್ದರು. ಗೋಡೆ ಆರಂಭದ ನೋಟವನ್ನು ಮುಚ್ಚಿದಾಗ ಕೀಪರ್‌ಗಳು ತಡವಾಗಿ ಹೊರಟರು, ಹಿಡಿದ ಚೆಂಡುಗಳೂ ಕಡಿಮೆಯಾದವು.

ಆದ್ದರಿಂದ ಗೋಡೆಯ ಒಳತುದಿ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಒಂದು ಹೆಜ್ಜೆ ಆಚೆ, ಚೆಂಡು ನಿಚ್ಚಳವಾಗಿ ಕಾಣುವ ಜಾಗದಲ್ಲಿ ಕೀಪರ್ ನಿಲ್ಲಬೇಕು. ತನ್ನ 4 ಮೀಟರಿನ ನಟ್ಟನಡುವೆ ಅಲ್ಲ, ಅದಕ್ಕಿಂತ ಸ್ವಲ್ಪ ಗೋಡೆಯ ಕಡೆಗೆ. ಗೋಡೆಯ ಮೇಲಿಂದ ಬರುವ ಚೆಂಡಿಗೂ ಅವನು ಓಡಬೇಕಾಗಬಹುದಲ್ಲ. ಎಷ್ಟು ಸ್ವಲ್ಪ ಎಂಬುದರಲ್ಲೇ ಅವನ ಕಸುಬು ಇದೆ. ಇನ್ನೊಂದು ಹೆಜ್ಜೆ ಗೋಡೆಯತ್ತ ಸರಿದರೆ ಚೆಂಡು ಮರೆಯಾಗುತ್ತದೆ, ಬೆನ್ನ ಹಿಂದೆ ದೂರದ ಕಂಬ ಬಯಲಾಗುತ್ತದೆ. ಎದುರು ತಂಡದ ಒಬ್ಬಿಬ್ಬರು ಗೋಡೆಯ ಒಳತುದಿಯ ಪಕ್ಕದಲ್ಲಿ ಬಂದು ನಿಲ್ಲುವುದು ಈ ಕಂಡಿಯನ್ನೂ ಮುಚ್ಚಲಿಕ್ಕೆ. ಮೊದಲೆಲ್ಲ ಅವರು ಗೋಡೆಗೇ ಅಂಟಿಕೊಂಡು ನಿಂತು, ಹೊಡೆಯುವ ಕ್ಷಣದಲ್ಲಿ ಬಾಗಿಲು ತೆರೆದಂತೆ ಪಕ್ಕಕ್ಕೆ ಸರಿಯುತ್ತಿದ್ದರು, ಚೆಂಡು ಆ ಬಾಗಿಲಿನಲ್ಲಿ ನುಗ್ಗುತ್ತಿತ್ತು. 2019ರಿಂದ ನಿಯಮ ಬದಲಾಯಿತು. ಮೂರು ಅಥವಾ ಹೆಚ್ಚು ಜನರ ಗೋಡೆಯಿದ್ದರೆ ಹೊಡೆಯುವ ತಂಡದವರು ಅದರಿಂದ ಒಂದು ಮೀಟರ್ ದೂರ ಇರಬೇಕು. ತಪ್ಪಿದರೆ ಎದುರಾಳಿಗೆ ಪರೋಕ್ಷ ಫ್ರೀ ಕಿಕ್.

ಇನ್ನು ಎತ್ತರ. ನೆಲದ ಮೇಲಿನ ಚೆಂಡಿನಿಂದ ಗೋಲಿನ ಮೇಲಡ್ಡಪಟ್ಟಿಗೆ ನೇರ ಗೆರೆ ಎಳೆದರೆ, 9.15 ಮೀಟರ್ ದೂರದಲ್ಲಿ ಅದು ನೆಲದಿಂದ 1.1 ಮೀಟರಿನಷ್ಟೇ ಎತ್ತರದಲ್ಲಿರುತ್ತದೆ, ಡಿಫೆಂಡರ್‌ನ ಹೊಟ್ಟೆಯ ಮಟ್ಟ. ಅಂದರೆ ಗೋಡೆಯ ನೆರಳಿನೊಳಗೆ ನೇರವಾಗಿ ಹೊಡೆದ ಚೆಂಡು ಗೋಲಿಗೆ ಹೋಗಲು ಸಾಧ್ಯವೇ ಇಲ್ಲ. ಅದು ತಲೆಗಳನ್ನು ದಾಟುವಷ್ಟು ಏರಬೇಕು, ಮತ್ತೆ ಮುಂದಿನ ಹನ್ನೊಂದು ಮೀಟರಿನೊಳಗೆ ಅಡ್ಡಪಟ್ಟಿಯ ಕೆಳಗೆ ಇಳಿಯಬೇಕು. ಹಾಗೆ ಇಳಿಯಬೇಕಾದರೆ ಒಂದೋ ಚೆಂಡಿಗೆ ಬಲವಾದ ತಿರುವು ಕೊಡಬೇಕು, ಇಲ್ಲವೇ ವೇಗ ತಗ್ಗಿಸಬೇಕು. ವೇಗ ತಗ್ಗಿದರೆ ಕೀಪರ್‌ಗೆ ಒಂದೆರಡು ಹೆಜ್ಜೆ ಇಡುವಷ್ಟು ಸಮಯ ಸಿಗುತ್ತದೆ. ಗೋಡೆ ಚೆಂಡನ್ನು ತಡೆಯದೆ ಇದ್ದಾಗಲೂ ಹೀಗೆ ಕೆಲಸ ಮಾಡುತ್ತಿರುತ್ತದೆ.

ಇಲ್ಲಿಂದ ಇಬ್ಬರ ನಡುವಿನ ಕರಾರು ಸ್ಪಷ್ಟವಾಗುತ್ತದೆ. ಗೋಡೆಯ ಪಾಲಿನ ಅರ್ಧದಲ್ಲಿ ಕೆಳಗೆ, ನಡುಮಟ್ಟದಲ್ಲಿ ಬರುವ ಚೆಂಡಿಗೆ ಗೋಡೆಯೇ ಹೊಣೆ. ಅದರ ತಲೆ ಮೇಲಿಂದ ಬಾಗಿ ಮೂಲೆಗೆ ಇಳಿದ ಚೆಂಡಿಗೆ ಯಾರೂ ಹೊಣೆಯಲ್ಲ, ಹೊಡೆದವನಿಗೆ ಶಹಬ್ಬಾಸ್ ಹೇಳಬೇಕು ಅಷ್ಟೇ. ಆದರೆ ಕೀಪರ್ ತನ್ನ ಪಾಲಿನ ಅರ್ಧದಲ್ಲಿ ಗೋಲು ಬಿಟ್ಟುಕೊಟ್ಟರೆ ಡ್ರೆಸ್ಸಿಂಗ್ ರೂಮಿನಲ್ಲಿ ಅವನಿಗೆ ಕ್ಷಮೆಯಿಲ್ಲ. ಚೆಂಡು ಗೋಡೆಯ ಮೇಲಿಂದಲೇ ಬರುತ್ತದೆಂದು ಊಹಿಸಿ, ಹೊಡೆಯುವ ಮುನ್ನ ಒಂದು ಹೆಜ್ಜೆ ಅತ್ತ ಇಟ್ಟು, ತನ್ನದೇ ಬದಿಯಲ್ಲಿ ಗೋಲು ತಿನ್ನುವುದು ಕೀಪರ್‌ಗಳ ಅತ್ಯಂತ ಹಳೆಯ ತಪ್ಪು. ಮರುಪ್ರಸಾರದಲ್ಲಿ ನೋಡಿದರೆ ಇದು ತಟ್ಟನೆ ಸಿಗುತ್ತದೆ: ಚೆಂಡು ಹೊರಡುವ ಮುಂಚೆಯೇ ಕೀಪರ್‌ನ ದೇಹದ ಭಾರ ಒಂದು ಕಾಲಿನ ಮೇಲೆ ಬಿದ್ದಿರುತ್ತದೆ.

2018ರ ವಿಶ್ವಕಪ್‌ನಲ್ಲಿ, ಜೂನ್ 15ರಂದು ಸೋಚಿಯಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ಆಡಿದವು. ಸ್ಪೇನ್ 3-2ರಿಂದ ಮುಂದಿದ್ದಾಗ, 88ನೇ ನಿಮಿಷದಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊಗೆ ಫ್ರೀ ಕಿಕ್. ಚೆಂಡು ಗೋಡೆ ದಾಟಿ ಬಾಗಿ ಮೇಲಿನ ಮೂಲೆಗೆ ಹೋಯಿತು. ಕೀಪರ್ ಡೇವಿಡ್ ಡೆ ಹೆಯಾ ಹಾರಲೂ ಇಲ್ಲ, ಚೆಂಡಿನತ್ತ ಕತ್ತು ತಿರುಗಿಸಿದರು. ಅದೇ ಪಂದ್ಯದಲ್ಲಿ ಮೊದಲು ಅವರ ಕೈಜಾರಿ ಒಂದು ಗೋಲಾಗಿದ್ದರಿಂದ, ಇದನ್ನೂ ಅವರ ತಲೆಗೇ ಕಟ್ಟಿದವರಿದ್ದಾರೆ. ನಾನು ಒಪ್ಪುವುದಿಲ್ಲ. ಹಾರಿದ್ದರೆ ಟಿವಿಯಲ್ಲಿ ಚೆನ್ನಾಗಿ ಕಾಣುತ್ತಿತ್ತು, ಗೋಲು ಮಾತ್ರ ಹಾಗೆಯೇ ಆಗುತ್ತಿತ್ತು. ಕರಾರಿನಲ್ಲಿ ಯಾರಿಗೂ ಸೇರದ ಆ ಗೇಣಗಲದ ಜಾಗವನ್ನು ಹುಡುಕಿ ಹೊಡೆಯುವುದೇ ಫ್ರೀ ಕಿಕ್‌ನ ವಿದ್ಯೆ.

ಆ ಜಾಗವನ್ನೂ ಕಿರಿದಾಗಿಸಲು ಗೋಡೆ ಜಿಗಿಯುತ್ತದೆ. 1.85 ಮೀಟರ್ ಎತ್ತರದವನು ನಿಂತಲ್ಲಿಂದ ಚಿಮ್ಮಿದರೆ ಅವನ ತಲೆ ಗೋಲಿನ ಅಡ್ಡಪಟ್ಟಿಯ ಮಟ್ಟಕ್ಕೆ ಹತ್ತಿರ ಹೋಗುತ್ತದೆ. ಎತ್ತರದವರನ್ನು ಹತ್ತಿರದ ಕಂಬದ ಕಡೆ ನಿಲ್ಲಿಸುವುದು ಇದಕ್ಕೇ, ಬಾಗುವ ಚೆಂಡು ದಾಟುವುದು ಅವರ ತಲೆಯನ್ನು. ಜಿಗಿತದಲ್ಲಿ ತಪ್ಪುಗಳೂ ಅಷ್ಟೇ ಇವೆ. ಮುಖಕ್ಕೆ ಬೀಳುತ್ತದೆಂಬ ಹೆದರಿಕೆಯಿಂದ ಒಬ್ಬ ಅರ್ಧ ತಿರುಗಿದರೆ ಹೆಗಲುಗಳ ನಡುವೆ ಚೆಂಡಿನಗಲದ ಬಿರುಕು ಬೀಳುತ್ತದೆ, ಕೀಪರ್ ನಂಬಿಕೊಂಡು ಬಿಟ್ಟಿದ್ದ ಬದಿ ಅದೇ ಆಗಿರುತ್ತದೆ. ಜಿಗಿಯುವಾಗ ತೋಳು ಮೇಲಕ್ಕೆ ಹೋಗಿ ಚೆಂಡು ಕೈಗೆ ತಾಗಿದರೆ ಇನ್ನೊಂದು ಅಪಾಯ. ಗೋಡೆ ಪೆನಾಲ್ಟಿ ಆವರಣದ ಒಳಗೆ ನಿಂತಿದ್ದರೆ, ಫ್ರೀ ಕಿಕ್ ತಡೆಯಲು ಹೋಗಿ ಪೆನಾಲ್ಟಿ ಕೊಟ್ಟಂತಾಗುತ್ತದೆ. ಅದಕ್ಕೇ ಎಲ್ಲರ ಕೈಗಳೂ ಮೈಗೆ ಅಂಟಿಕೊಂಡಿರುತ್ತವೆ. ಕೈ ಎಲ್ಲಿಟ್ಟುಕೊಳ್ಳುತ್ತಾರೆ ಎಂಬುದಕ್ಕೆ ಬೇರೊಂದು ಕಾರಣವೂ ಇದೆ, ಒಮ್ಮೆ ಪೆಟ್ಟು ತಿಂದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡ ತೊಂದರೆ ಕೆಳಗೆ. ಗೋಡೆ ಜಿಗಿದಾಗ ಅದರ ಬುಡ ನೆಲ ಬಿಟ್ಟು ಮೊಳದಷ್ಟು ಮೇಲೆ ಹೋಗುತ್ತದೆ. 2006ರ ಡಿಸೆಂಬರಿನಲ್ಲಿ ಚಾಂಪಿಯನ್ಸ್ ಲೀಗ್ ಪಂದ್ಯದಲ್ಲಿ ಬಾರ್ಸಿಲೋನಾದ ರೊನಾಲ್ಡಿನೊ, ವೆರ್ಡರ್ ಬ್ರೆಮೆನ್ ತಂಡದ ಗೋಡೆ ಗಾಳಿಗೆ ಏಳುವುದನ್ನು ಕಾದು ಚೆಂಡನ್ನು ಅದರ ಕಾಲಡಿಯಲ್ಲಿ ಉರುಳಿಸಿ ಗೋಲು ಮಾಡಿದರು. ನೆರಳು ಮೇಲಕ್ಕೆ ಬೆಳೆದಷ್ಟೇ ಕೆಳಗೆ ಕರಗಿತ್ತು. ಆಗ ಕೀಪರ್‌ಗೆ ಏನೂ ಮಾಡಲಾಗುವುದಿಲ್ಲ, ಆ ಚೆಂಡು ಬಂದದ್ದು ತನ್ನದಲ್ಲವೆಂದು ಅವನು ಕೈಬಿಟ್ಟಿದ್ದ ಜಾಗಕ್ಕೆ, ಅದೂ ನೆಲಕ್ಕಂಟಿಕೊಂಡು. ಹಾಗಾಗಿ ಜಿಗಿಯಬೇಕೋ ಬೇಡವೋ ಎಂಬುದನ್ನು ಗೋಡೆಯ ನಾಲ್ವರು ಒಬ್ಬೊಬ್ಬರಾಗಿ ತೀರ್ಮಾನಿಸುವಂತಿಲ್ಲ. ಇಬ್ಬರು ಹಾರಿ ಇಬ್ಬರು ನಿಂತರೆ ಎಲ್ಲಕ್ಕಿಂತ ಕೆಟ್ಟದ್ದು. ಕೀಪರ್ ಹೇಳಿದ್ದು ಎಲ್ಲರಿಗೂ ಒಂದೇ ಆಗಬೇಕು.

ಇದಕ್ಕೆ ಬಂದ ಪರಿಹಾರವನ್ನು ಈಗ ಎಲ್ಲರೂ ನೋಡಿದ್ದಾರೆ. 2018ರ ಅಕ್ಟೋಬರ್ 24ರಂದು ಬಾರ್ಸಿಲೋನಾ ಎದುರು ಇಂಟರ್ ಮಿಲಾನ್‌ನ ಮಾರ್ಸೆಲೊ ಬ್ರೊಜೊವಿಚ್, ಲೂಯಿಸ್ ಸುವಾರೆಜ್ ಹೊಡೆಯುವ ಕ್ಷಣಕ್ಕೆ ಗೋಡೆಯ ಹಿಂದೆ ನೆಲಕ್ಕೆ ಜಾರಿ ಉದ್ದಕ್ಕೆ ಬಿದ್ದರು. ಸುವಾರೆಜ್ ಹೊಡೆದದ್ದೂ ನೆಲದ ಮೇಲೆಯೇ, ಚೆಂಡು ಬ್ರೊಜೊವಿಚ್‌ಗೆ ಬಡಿಯಿತು. ಬಾರ್ಸಿಲೋನಾ ಪಂದ್ಯವನ್ನು 2-0ರಿಂದ ಗೆದ್ದಿತಾದರೂ ಜನ ನೆನಪಿಟ್ಟುಕೊಂಡದ್ದು ಆ ಮಲಗಿದವನನ್ನು. ಈಗ ಹೊಡೆಯುವ ಮೊದಲೇ ಒಬ್ಬ ಬಂದು ಗೋಡೆಯ ಹಿಂದೆ ಬಾಗಿಲ ಕೆಳಗೆ ಗಾಳಿಗಿಡುವ ಬಟ್ಟೆಯ ಸುರುಳಿಯ ಹಾಗೆ ಮಲಗಿಕೊಳ್ಳುತ್ತಾನೆ. 2021ರಲ್ಲಿ ಪಿಎಸ್‌ಜಿ ಪರವಾಗಿ ಲಿಯೊನೆಲ್ ಮೆಸ್ಸಿ ಹೀಗೆ ಮಲಗಿದಾಗ, ಮೆಸ್ಸಿಯಂಥವರಿಂದ ಇದನ್ನು ಮಾಡಿಸುವುದೇ ಎಂದು ಕೆಲವರು ಸಿಟ್ಟಾದರು. ಗೋಡೆಯಲ್ಲಿ ನಿಂತು ಜಿಗಿಯಲು ಅವರ ಎತ್ತರ ಸಾಲದು, ಇನ್ನೆಲ್ಲಿ ಇಡುತ್ತೀರಿ ಎಂಬುದು ನನ್ನ ಪ್ರಶ್ನೆ.

ಆ ಒಬ್ಬನಿಂದಾಗಿ ಗೋಡೆ ಹೆದರಿಕೆಯಿಲ್ಲದೆ ಜಿಗಿಯಬಹುದು. ಕೀಪರ್ ತನ್ನ 4 ಮೀಟರಿನಲ್ಲಿ ಮನಸ್ಸಿಡಬಹುದು. ಆದರೆ ಮಲಗಿದವನಿಗೆ ಚೆಂಡು ಕಾಣುವುದಿಲ್ಲ, ಬೆನ್ನು ಅದರ ಕಡೆಗಿರುತ್ತದೆ. ಕೀಪರ್ ತಟ್ಟಿದ ಚೆಂಡು ಮತ್ತೆ ಆವರಣದೊಳಗೇ ಬಿದ್ದು ಎದುರಾಳಿಗಳು ಅದರತ್ತ ನುಗ್ಗುವಾಗ, ಅವನು ಇನ್ನೂ ಹುಲ್ಲಿಗೆ ಕೈಯೂರಿ ಏಳುತ್ತಿರುತ್ತಾನೆ.